ಬಸಿದ ಸಾರಿಗೆ ಇಳಿಯದ ಸತ್ವ: ಎ, ಡಿ, ಇ, ಕೆ ಜೀವಸತ್ವಗಳನ್ನು ಕುರಿತು



ಈ ದತ್ತಿ ಉಪನ್ಯಾಸಕ್ಕೆ ಕೊಬ್ಬಿನಲ್ಲಿ ಕರಗುವ ನಾಲ್ಕು ಜೀವಸತ್ವಗಳ ವಿಷಯ ಕೊಟ್ಟಿದ್ದೀರಿ. ನಾಲ್ಕಕ್ಕೂ ಸಮನಾಗಿ ಹೊತ್ತು ಹಂಚಿದರೆ ಪಠ್ಯಪುಸ್ತಕದ ಪಾಠವಾಗುತ್ತದೆ. ಅದರ ಬದಲು ನಮ್ಮ ಕಡೆಯ ಒಂದು ಊಟವನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲರಿಗೂ ಗೊತ್ತಿರುವ ಊಟ ಅದು: ರಾಗಿಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ.

ಬಸ್ಸಾರು ಮಾಡುವ ಕ್ರಮ ನಿಮಗೆ ನಾನು ಹೇಳಬೇಕಾಗಿಲ್ಲ. ಅವರೆಯೋ ಅಲಸಂದೆಯೋ ಹುರುಳಿಯೋ ಒಂದು ಕಾಳು, ಅದರ ಜೊತೆ ದಂಟು ಅಥವಾ ಬೆರಕೆ ಸೊಪ್ಪು ಬೇಯಿಸಿ, ಕಟ್ಟನ್ನು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಪಾತ್ರೆಯಲ್ಲಿ ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇನ್ನು ಊಟಕ್ಕೆ ಕೂತಾಗ ಏನಾಗುತ್ತದೆ ನೋಡಿ. ದೊಡ್ಡವರ ತಟ್ಟೆಗೆ ಮೂರೂ ಬೀಳುತ್ತವೆ. ಎರಡು ಮೂರು ವರ್ಷದ ಮಗುವಿಗೆ ಮುದ್ದೆಯ ಸಣ್ಣ ತುತ್ತುಗಳನ್ನು ಸಾರಿನಲ್ಲಿ ಅದ್ದಿ ನುಂಗಿಸುತ್ತೇವೆ. ಸೊಪ್ಪು ಗಂಟಲಿಗೆ ಸಿಕ್ಕೀತು, ನಾರು ಜೀರ್ಣವಾಗದು ಎಂದು ಪಲ್ಯವನ್ನು ಪಕ್ಕಕ್ಕಿಡುತ್ತೇವೆ. ಸೊಪ್ಪಿನ ಸತ್ವವೆಲ್ಲ ಸಾರಿಗೆ ಇಳಿದಿದೆ ಎಂಬ ನಂಬಿಕೆಯೂ ಜೊತೆಗಿರುತ್ತದೆ.

ಆ ನಂಬಿಕೆ ಅರ್ಧ ಮಾತ್ರ ನಿಜ. ನೀರಿನಲ್ಲಿ ಕರಗುವ ಸಿ ಜೀವಸತ್ವ, ಫೋಲೇಟ್, ಕೆಲವು ಲವಣಗಳು ಕಟ್ಟಿಗೆ ಇಳಿಯುತ್ತವೆ. ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್ ಇಳಿಯುವುದಿಲ್ಲ. ನಮ್ಮ ದೇಹ ಎ ಜೀವಸತ್ವವನ್ನು ಮಾಡಿಕೊಳ್ಳುವುದು ಈ ಕ್ಯಾರೊಟಿನ್‌ನಿಂದ. ಅದಕ್ಕೂ ನೀರಿಗೂ ಆಗದು. ಎಷ್ಟು ಹೊತ್ತು ಕುದಿಸಿದರೂ ಅದು ಎಲೆಯಲ್ಲೇ ಕೂತಿರುತ್ತದೆ. ಅದೇ ಎಲೆಯಲ್ಲಿರುವ ಕೆ ಜೀವಸತ್ವವೂ ಹಾಗೆಯೇ. ಹೀಗಾಗಿ ಮನೆಯಲ್ಲಿ ಎ ಜೀವಸತ್ವ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಆ ಮಗುವಿನ ತಟ್ಟೆಗೆ ಅದು ಬರುವುದೇ ಇಲ್ಲ. ಕೆಲವು ಮನೆಗಳಲ್ಲಿ ಬೆಂದ ಸೊಪ್ಪು ಕಾಳನ್ನು ಒಂದು ಹಿಡಿ ತೆಗೆದು ಮಸಾಲೆಯ ಜೊತೆ ರುಬ್ಬಿ ಸಾರಿಗೆ ಬೆರೆಸುತ್ತಾರೆ. ಸಾರು ಮಂದವಾಗಲಿ ಎಂದು ಮಾಡುವ ಕೆಲಸ ಅದು. ಆ ಮನೆಯ ಮಗುವಿಗೆ ಸಿಗುವ ಕ್ಯಾರೊಟಿನ್ ಬಹುಮಟ್ಟಿಗೆ ಆ ಒಂದು ಹಿಡಿಯಿಂದಲೇ.

ಎಲೆ ಹೊಟ್ಟೆಗೆ ಹೋದರೂ ಕೆಲಸ ಮುಗಿಯುವುದಿಲ್ಲ. ಎ, ಡಿ, ಇ, ಕೆ ನಾಲ್ಕೂ ರಕ್ತಕ್ಕೆ ಸೇರುವ ದಾರಿ ಒಂದೇ. ನಮ್ಮ ಕರುಳಿನೊಳಗೆ ಎಲ್ಲವೂ ನೀರು. ಈ ನಾಲ್ಕೂ ಜಿಡ್ಡಿನ ಪದಾರ್ಥಗಳು. ಊಟದಲ್ಲಿ ಸ್ವಲ್ಪ ಕೊಬ್ಬಿದ್ದರೆ ಪಿತ್ತಕೋಶ ಸಂಕುಚಿಸಿ ಪಿತ್ತರಸವನ್ನು ಕರುಳಿಗೆ ಬಿಡುತ್ತದೆ. ಎಣ್ಣೆ ಹಚ್ಚಿದ ತಲೆಗೆ ಸೀಗೆಪುಡಿ ಮಾಡುವ ಕೆಲಸವನ್ನು ಪಿತ್ತರಸದ ಲವಣಗಳು ಕರುಳಿನಲ್ಲಿ ಮಾಡುತ್ತವೆ. ಜಿಡ್ಡನ್ನು ಸಣ್ಣ ಸಣ್ಣ ಕಣಗಳಾಗಿ ಒಡೆದು ನೀರಿನಲ್ಲಿ ತೇಲಿಸುತ್ತವೆ. ಮಿಸೆಲ್ ಎಂದು ಕರೆಯುವ ಆ ಕಣಗಳ ಒಳಗೆ ಕೂತೇ ಈ ಜೀವಸತ್ವಗಳು ಕರುಳಿನ ಗೋಡೆಯನ್ನು ಮುಟ್ಟುವುದು. ಗೋಡೆ ದಾಟಿದ ಮೇಲೆ ಕೈಲೋಮೈಕ್ರಾನ್ ಎಂಬ ಕೊಬ್ಬಿನ ಕಣಗಳ ಜೊತೆ ಮೊದಲು ದುಗ್ಧನಾಳಕ್ಕೆ, ಅಲ್ಲಿಂದ ರಕ್ತಕ್ಕೆ ಹೋಗುತ್ತವೆ. ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಮೊದಲ ಹೆಜ್ಜೆಗೇ ಅಡ್ಡಿ. ಪಿತ್ತ ಇಳಿಯದಿದ್ದರೂ, ಭೇದಿಯಿಂದ ಕರುಳಿನ ಒಳಪದರ ಸವೆದಿದ್ದರೂ, ಜಂತುಹುಳು ತುಂಬಿದ್ದರೂ ಅಡ್ಡಿಯೇ.

ಎಷ್ಟು ಕೊಬ್ಬು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಮಕ್ಕಳಿಗೆ ಸೊಪ್ಪು ತಿನ್ನಿಸಿ ಇದನ್ನು ನೋಡಿದ್ದಾರೆ. 1980ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೊಪ್ಪಿನ ಜೊತೆ 5 ಗ್ರಾಂ ಕೊಬ್ಬು ಕೊಟ್ಟಾಗ ಮಕ್ಕಳ ರಕ್ತದ ಎ ಜೀವಸತ್ವ ಚೆನ್ನಾಗಿ ಏರಿತು. 10 ಗ್ರಾಂಗೆ ಹೆಚ್ಚಿಸಿದರೂ ಅದಕ್ಕಿಂತ ದೊಡ್ಡ ಲಾಭವೇನೂ ಕಾಣಲಿಲ್ಲ. ಐದು ಗ್ರಾಂ ಅಂದರೆ ಒಂದು ಟೀ ಚಮಚ. ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ತುಪ್ಪ, ಯಾವುದಾದರೂ ಆದೀತು.

ಮೈಸೂರಿನಲ್ಲಿ 1950ರಲ್ಲಿ ಚೆಲುವಾಂಬ ಮ್ಯಾನ್ಶನ್‌ನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಾವು ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆ, ಈ ಪ್ರಶ್ನೆಯನ್ನು ಅಡುಗೆಮನೆಗೇ ತಂದಿತು. ಅಲ್ಲಿನ ವಿಜ್ಞಾನಿಗಳಾದ ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಅವರ ತಂಡ ದಂಟು, ಮೆಂತ್ಯ, ಕ್ಯಾರೆಟ್, ಕುಂಬಳ ಮುಂತಾದವನ್ನು ನಾವು ಬೇಯಿಸುವ ರೀತಿಯಲ್ಲೇ ಬೇಯಿಸಿ, ಹೊಟ್ಟೆ ಮತ್ತು ಕರುಳಿನ ರಸಗಳನ್ನು ಅನುಕರಿಸುವ ದ್ರಾವಣದಲ್ಲಿ ಜೀರ್ಣಿಸಿ, ಎಷ್ಟು ಕ್ಯಾರೊಟಿನ್ ಬಿಡುಗಡೆಯಾಯಿತು ಎಂದು ಅಳೆಯಿತು. ಹಸಿಯಾಗಿದ್ದಾಗ ಬಿಡುಗಡೆಯಾಗುವುದಕ್ಕಿಂತ ಕುಕ್ಕರಿನಲ್ಲಿ ಬೆಂದಾಗ ಹೆಚ್ಚು, ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿದಾಗ ಇನ್ನೂ ಹೆಚ್ಚು. ಅರಿಶಿನ ಸೇರಿಸಿದರೂ, ನಿಂಬೆರಸ ಹಿಂಡಿದರೂ ಹಲವು ತರಕಾರಿಗಳಲ್ಲಿ ಪ್ರಮಾಣ ಏರಿತು. ಬೇಯುವಾಗ ಆಗುವ ನಷ್ಟವೂ ತಗ್ಗಿತು. ಇದು ಪ್ರಯೋಗಾಲಯದ ಪಾತ್ರೆಯಲ್ಲಿ ಮಾಡಿದ ಅಳತೆ, ಮಕ್ಕಳ ರಕ್ತದಲ್ಲಿ ಮಾಡಿದ್ದಲ್ಲ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆದರೂ ಒಗ್ಗರಣೆ ಹಾಕಿದ ಪಲ್ಯದ ಮೇಲೆ ನಿಂಬೆ ಹಿಂಡುವವರ ಪರವಾಗಿಯೇ ಅದು ಸಾಕ್ಷಿ ಹೇಳುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಮೂರು ವರ್ಷದ ಮಗು, ಹಸಿಯ ತೂಕದಲ್ಲಿ 50 ಗ್ರಾಂ ದಂಟಿನ ಸೊಪ್ಪು. ನೂರು ಗ್ರಾಂ ದಂಟಿನ ಸೊಪ್ಪಿನಲ್ಲಿ ಸುಮಾರು 8,000 ಮೈಕ್ರೊಗ್ರಾಂ ಬೀಟಾ ಕ್ಯಾರೊಟಿನ್ ಇದೆ ಎಂದು ಹಿಡಿದರೆ ನಮ್ಮ ಪಾಲಿಗೆ 4,000. ಬೇಯುವಾಗ ಕಾಲುಭಾಗ ಹೋಯಿತು ಎನ್ನೋಣ, ಉಳಿದದ್ದು 3,000. ಇವತ್ತು ಪೋಷಣ ವಿಜ್ಞಾನದಲ್ಲಿ ಹೆಚ್ಚು ಬಳಕೆಯಲ್ಲಿರುವ ಲೆಕ್ಕದಂತೆ ಆಹಾರದ 12 ಪಾಲು ಬೀಟಾ ಕ್ಯಾರೊಟಿನ್ ದೇಹದಲ್ಲಿ ಒಂದು ಪಾಲು ಎ ಜೀವಸತ್ವಕ್ಕೆ ಸಮ. ಅಂದರೆ 250 ಮೈಕ್ರೊಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಈ ವಯಸ್ಸಿನ ಮಗುವಿಗೆ ದಿನಕ್ಕೆ 390 ಮೈಕ್ರೊಗ್ರಾಂ ಇರಲಿ ಎಂದಿದೆ. ಒಂದೇ ಹೊತ್ತಿನ ಸೊಪ್ಪಿನಿಂದ ಅರ್ಧಕ್ಕಿಂತ ಹೆಚ್ಚು ಸಿಕ್ಕಿತು.

ಆದರೆ ಈ ಲೆಕ್ಕವನ್ನು ಅಷ್ಟು ಸುಲಭವಾಗಿ ನಂಬಬಾರದು. 1995ರಲ್ಲಿ ಇಂಡೊನೇಷ್ಯಾದ ಪಶ್ಚಿಮ ಜಾವಾದಲ್ಲಿ ಹಾಲುಣಿಸುವ ತಾಯಂದಿರಿಗೆ ಪ್ರತಿದಿನ ಎಣ್ಣೆಯಲ್ಲಿ ಬಾಡಿಸಿದ ಸೊಪ್ಪು ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ಅಷ್ಟೇ ಕ್ಯಾರೊಟಿನ್ ಬೆರೆಸಿದ ಬಿಸ್ಕತ್ತು ತಿಂದವರ ಎ ಜೀವಸತ್ವ ಏರಿತ್ತು, ಸೊಪ್ಪು ತಿಂದವರದು ಏರಲಿಲ್ಲ. ಆ ಬಳಿಕ ಎಲೆಯ ಕ್ಯಾರೊಟಿನ್‌ಗೆ 12ರ ಬದಲು 20ಕ್ಕೂ ಮೀರಿದ ಲೆಕ್ಕ ಹಿಡಿಯಬೇಕು ಎಂದವರಿದ್ದಾರೆ. ಹಾಗೆ ಹಿಡಿದರೆ ನಮ್ಮ 250 ಎಂಬುದು 150ಕ್ಕಿಂತಲೂ ಕೆಳಗಿಳಿಯುತ್ತದೆ. ಕಾರಣ ಎಲೆಯ ರಚನೆಯಲ್ಲಿದೆ. ಸೊಪ್ಪಿನ ಕ್ಯಾರೊಟಿನ್ ಜೀವಕೋಶದ ಒಳಗೆ ಹಸಿರುಕಣಗಳಲ್ಲಿ ಪ್ರೋಟೀನಿನ ಜೊತೆ ಗಂಟುಬಿದ್ದಿರುತ್ತದೆ. ಕೋಶದ ಗೋಡೆ ಒಡೆಯದಿದ್ದರೆ ಎಷ್ಟು ಎಣ್ಣೆ ಹಾಕಿದರೂ ಅದು ಹೊರಬರುವುದಿಲ್ಲ. ಪರಂಗಿ, ಮಾವು, ಸಿಹಿಗುಂಬಳಗಳಲ್ಲಿ ಆ ಗಂಟು ಅಷ್ಟು ಬಿಗಿಯಿಲ್ಲ. ಒಟ್ಟು ಪ್ರಮಾಣ ಸೊಪ್ಪಿಗಿಂತ ಕಡಿಮೆಯಿದ್ದರೂ ಮೈಗೆ ಹತ್ತುವ ಪಾಲು ಹೆಚ್ಚು.

ಆದ್ದರಿಂದ ಮಗುವಿಗೆ ಬಸ್ಸಾರಿಗಿಂತ ಮಸ್ಸೊಪ್ಪು ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮಸ್ಸೊಪ್ಪಿನಲ್ಲಿ ಸೊಪ್ಪನ್ನು ಬೇಳೆಯ ಜೊತೆ ಮೆತ್ತಗೆ ಬೇಯಿಸಿ, ಕಡೆಗೋಲಿನಿಂದ ಚೆನ್ನಾಗಿ ಮಸೆದು, ಒಗ್ಗರಣೆ ಕೊಡುತ್ತೇವೆ. ಬೇಯಿಸುವುದು, ಮಸೆಯುವುದು, ಎಣ್ಣೆ ಸೇರುವುದು ಮೂರೂ ಒಂದೇ ಅಡುಗೆಯಲ್ಲಿ ನಡೆದುಬಿಡುತ್ತವೆ. ಏನನ್ನೂ ಬಸಿದು ಬೇರೆ ಮಾಡುವುದಿಲ್ಲ. ನಾರು ಸಿಕ್ಕುವ ಭಯವೂ ಇಲ್ಲ.

ಮೊಟ್ಟೆ, ಕೆನೆ ತೆಗೆಯದ ಹಾಲು, ತುಪ್ಪ, ಈಲಿ ಇವುಗಳಲ್ಲಿ ಎ ಜೀವಸತ್ವ ತಯಾರಾದ ರೂಪದಲ್ಲೇ ಇರುತ್ತದೆ. ಅಲ್ಲಿ ಈ 12ರ, 20ರ ಭಾಗಾಕಾರ ಬೇಕಿಲ್ಲ. ಅಂಗಡಿಯ ಪೊಟ್ಟಣದ ಎಣ್ಣೆಯ ಮೇಲೆ ಪ್ಲಸ್ ಗುರುತಿನ ಎಫ್ ಅಕ್ಷರ ಇದ್ದರೆ ಅದಕ್ಕೆ ಎ ಮತ್ತು ಡಿ ಸೇರಿಸಿದ್ದಾರೆ ಎಂದರ್ಥ. ಗಾಣದ ಎಣ್ಣೆಗೂ ಬಿಡಿ ಎಣ್ಣೆಗೂ ಯಾರೂ ಅದನ್ನು ಸೇರಿಸಿರುವುದಿಲ್ಲ. ಗಾಣದ ಎಣ್ಣೆ ಸೊಪ್ಪಿನ ಕ್ಯಾರೊಟಿನ್‌ಗೆ ದಾರಿ ಮಾಡಿಕೊಡುತ್ತದೆ, ತಾನೇ ಎ ಜೀವಸತ್ವ ಕೊಡುವುದಿಲ್ಲ.

ಹೀರಿದ ಎ ಜೀವಸತ್ವದಲ್ಲಿ ಹೆಚ್ಚಿನ ಪಾಲು ಈಲಿಯಲ್ಲಿ ಶೇಖರವಾಗುತ್ತದೆ. ಬೇಕಾದಾಗ ರೆಟಿನಾಲ್ ರೂಪದಲ್ಲಿ, ಅದನ್ನು ಹೊರಲೆಂದೇ ಇರುವ ಒಂದು ಪ್ರೋಟೀನಿನ ಮೇಲೆ ಕೂತು ಹೊರಡುತ್ತದೆ. ಊಟದಲ್ಲಿ ಪ್ರೋಟೀನು ಕಡಿಮೆಯಾದ ಮಗುವಿನಲ್ಲಿ ಈಲಿಯಲ್ಲಿ ಸಂಗ್ರಹ ಇದ್ದೂ ಕಣ್ಣಿಗೆ ತಲುಪದೆ ಹೋಗುವುದುಂಟು.

ಕಣ್ಣಿನಲ್ಲಿ ಅದರ ಕೆಲಸ ಎರಡು ಬಗೆಯದು. ಎರಡನ್ನೂ ಬೇರೆ ಬೇರೆಯಾಗಿ ತಿಳಿದರೆ ಕೊರತೆಯ ಚಿಹ್ನೆಗಳ ಅನುಕ್ರಮ ತಾನಾಗಿ ಅರ್ಥವಾಗುತ್ತದೆ. ಮೊದಲನೆಯದು ನೋಟಕ್ಕೆ ಸಂಬಂಧಿಸಿದ್ದು. ಅಕ್ಷಿಪಟಲದಲ್ಲಿ ಮಂದ ಬೆಳಕಿಗೆಂದೇ ಇರುವ ಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣಕವಿದೆ. ಆಪ್ಸಿನ್ ಎಂಬ ಪ್ರೋಟೀನಿಗೆ ರೆಟಿನಾಲ್‌ನಿಂದ ಆದ ರೆಟಿನಾಲ್ಡಿಹೈಡ್ ಬಾಗಿದ ಆಕಾರದಲ್ಲಿ ಅಂಟಿಕೊಂಡು ಅದು ಆಗಿರುತ್ತದೆ. ಬೆಳಕು ಬಿದ್ದೊಡನೆ ಆ ಬಾಗು ನೆಟ್ಟಗಾಗುತ್ತದೆ, ನರಕ್ಕೆ ಸಂಕೇತ ಹೋಗುತ್ತದೆ, ವರ್ಣಕ ಬಿಚ್ಚಿಕೊಳ್ಳುತ್ತದೆ. ಮತ್ತೆ ನೋಡಬೇಕಾದರೆ ಅದನ್ನು ಮತ್ತೆ ಕಟ್ಟಬೇಕು. ಪ್ರತಿ ಸುತ್ತಿನಲ್ಲೂ ಸ್ವಲ್ಪ ನಷ್ಟವಾಗುವುದರಿಂದ ರಕ್ತದಿಂದ ಹೊಸ ರೆಟಿನಾಲ್ ಬರುತ್ತಿರಬೇಕು. ದೃಷ್ಟಿಯ ಈ ರಸಾಯನವನ್ನು ಬಿಡಿಸಿದ ಜಾರ್ಜ್ ವಾಲ್ಡ್ 1967ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಒಬ್ಬರು.

ಎರಡನೆಯ ಕೆಲಸ ಜೀವಕೋಶಗಳ ಬೆಳವಣಿಗೆಯದು. ರೆಟಿನೊಯಿಕ್ ಆಮ್ಲವಾಗಿ ಬದಲಾದ ಎ ಜೀವಸತ್ವ ಕೋಶಕೇಂದ್ರಕ್ಕೆ ಹೋಗಿ ಯಾವ ಜೀನು ಕೆಲಸ ಮಾಡಬೇಕು ಎಂಬುದನ್ನು ನಿಯಂತ್ರಿಸುತ್ತದೆ. ಕಣ್ಣಿನ ಬಿಳಿಭಾಗದ ಪೊರೆ, ಶ್ವಾಸನಾಳ, ಕರುಳು ಇವುಗಳ ಒಳಪದರ ಒದ್ದೆಯಾಗಿ, ಲೋಳೆ ಒಸರುತ್ತ ಇರಲು ಈ ನಿಯಂತ್ರಣ ಬೇಕು. ಅದು ತಪ್ಪಿದರೆ ಲೋಳೆ ಒಸರುವ ಕೋಶಗಳು ಇಲ್ಲವಾಗಿ ಚರ್ಮದಂತೆ ಒಣಗಿದ, ದಡ್ಡುಗಟ್ಟಿದ ಪದರ ಬರುತ್ತದೆ. ಇಂಥ ಮಕ್ಕಳಿಗೆ ಭೇದಿ, ದಡಾರ ಮಾರಕವಾಗುವುದಕ್ಕೆ ಈ ಒಣಗುವಿಕೆಯೂ ಒಂದು ಕಾರಣ.

ಮೊದಲು ಕೆಡುವುದು ನೋಟ. ನಮ್ಮವರು ಇರುಳುಗುರುಡು ಎನ್ನುತ್ತಾರೆ. ಎರಡು ವರ್ಷದ ಮಗು ತನಗೆ ಕಾಣುತ್ತಿಲ್ಲ ಎಂದು ಹೇಳಲಾರದು. ತಾಯಿ ಗಮನಿಸುವುದು ಬೇರೆಯದನ್ನು: ಹಗಲೆಲ್ಲ ಓಡಾಡಿದ ಮಗು ದೀಪ ಹಚ್ಚುವ ಹೊತ್ತಿಗೆ ಮೂಲೆ ಹಿಡಿದು ಕೂರುತ್ತದೆ, ಹೊಸ್ತಿಲು ಎಡವುತ್ತದೆ, ತಟ್ಟೆಯನ್ನು ಕೈಯಲ್ಲಿ ತಡವುತ್ತದೆ. ಸಮೀಕ್ಷೆಗೆ ಹೋದವರು ಇದನ್ನೇ ಕೇಳಬೇಕು. ಈಗ ಮನೆಮನೆಯಲ್ಲೂ ವಿದ್ಯುದ್ದೀಪ ಇರುವುದರಿಂದ ಈ ಚಿಹ್ನೆ ಮರೆಯಾಗಿಬಿಡಬಹುದು. ಕರೆಂಟು ಹೋದಾಗ ಮಗು ಹೇಗಿರುತ್ತದೆ ಎಂದು ಕೇಳುವುದು ಒಳ್ಳೆಯದು.

ಮುಂದಿನದು ಬಿಳಿಭಾಗ ಒಣಗುವುದು. ಹೊಳಪು ಹೋಗಿ ಸುಕ್ಕುಗಟ್ಟುತ್ತದೆ. ಕಪ್ಪುಗುಡ್ಡೆಯ ಹೊರಬದಿಯಲ್ಲಿ, ಅಂದರೆ ಕಿವಿಯ ಕಡೆಗೆ, ಸೋಪಿನ ನೊರೆ ಅಂಟಿದಂಥ ಬಿಳಿ ಮಚ್ಚೆ ಕಾಣಿಸುತ್ತದೆ. ಬಿಟಾಟ್ ಚುಕ್ಕೆ ಎನ್ನುವುದು ಇದನ್ನೇ. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಈ ಮಚ್ಚೆ ಹಿಂದೆಂದೋ ಆದ ಕೊರತೆಯ ಉಳಿಕೆಯಾಗಿರಬಹುದು; ಔಷಧಿ ಕೊಟ್ಟರೂ ಕರಗದು. ಆದ್ದರಿಂದ ಶಾಲೆಯಲ್ಲಿ ಒಬ್ಬ ಹುಡುಗನ ಕಣ್ಣಿನಲ್ಲಿ ಮಚ್ಚೆ ಕಂಡರೆ ಮನೆಯಲ್ಲಿರುವ ಅವನ ತಮ್ಮ ತಂಗಿಯರ ಕಣ್ಣನ್ನೂ ನೋಡಬೇಕು ಎಂದು ನಾನು ಹೇಳುತ್ತೇನೆ. ಅಪಾಯ ಹೆಚ್ಚಾಗಿ ಅಲ್ಲಿದೆ.

ಇಲ್ಲಿಯವರೆಗೆ ದೃಷ್ಟಿ ಉಳಿಸಬಹುದು. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲ, ಕಾರ್ನಿಯಾ, ಮಂಕಾಯಿತೆಂದರೆ ಇನ್ನು ದಿನ ಎಣಿಸುವಂತಿಲ್ಲ; ಹುಣ್ಣಾಗಿ, ಕರಗಿ, ಕಣ್ಣೇ ಹೋಗುತ್ತದೆ. ದಡಾರವಾದ ಮಗುವಿನಲ್ಲಿ ಮೊದಲಿನ ಹಂತಗಳು ಕಾಣದೆಯೇ ನೇರವಾಗಿ ಇಲ್ಲಿಗೆ ಬರುವುದುಂಟು. ಕಾಯಿಲೆಯ ಕಾವಿನಲ್ಲಿ ಎ ಜೀವಸತ್ವ ಬೇಗ ಬೇಗ ಖರ್ಚಾಗುವುದು ಅದಕ್ಕೆ ಕಾರಣ. ಅಂಥ ಮಗುವನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದು ವರ್ಷ ದಾಟಿದ ಮಗುವಿಗೆ ಅಲ್ಲಿ 2 ಲಕ್ಷ ಯೂನಿಟ್ ಕೂಡಲೇ, ಮರುದಿನ ಇನ್ನೊಮ್ಮೆ, ಎರಡು ವಾರ ಕಳೆದು ಮತ್ತೊಮ್ಮೆ ಕೊಡುತ್ತಾರೆ. ಬರಿಯ ಇರುಳುಗುರುಡಾಗಿದ್ದರೆ ಮೊದಲ ಗುಟುಕಿನ ಒಂದೆರಡು ದಿನಗಳಲ್ಲೇ ಮಗು ಸಂಜೆ ಓಡಾಡತೊಡಗುತ್ತದೆ. ಅದು ಚಿಕಿತ್ಸೆಯೂ ಹೌದು, ರೋಗ ಇದೇ ಎಂಬುದಕ್ಕೆ ಪುರಾವೆಯೂ ಹೌದು.

ಅಂಗನವಾಡಿಯಲ್ಲಿ ಆರು ತಿಂಗಳಿಗೊಮ್ಮೆ ಚಮಚದಲ್ಲಿ ಕುಡಿಸುವ ಹಳದಿ ಔಷಧಿಯೂ ಇದೇ. 1970ರಲ್ಲಿ ದೇಶದಲ್ಲಿ ಆರಂಭವಾದ ಕಾರ್ಯಕ್ರಮ ಅದು. ಒಂಬತ್ತನೇ ತಿಂಗಳಲ್ಲಿ ದಡಾರದ ಲಸಿಕೆಯ ಜೊತೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ. ಎರಡು ಲಕ್ಷ ಯೂನಿಟ್ ಅಂದರೆ 60 ಮಿಲಿಗ್ರಾಂ ರೆಟಿನಾಲ್. ದಿನಕ್ಕೆ 390 ಮೈಕ್ರೊಗ್ರಾಂನಂತೆ ಭಾಗಿಸಿದರೆ ಸುಮಾರು 150 ದಿನಕ್ಕಾಗುತ್ತದೆ. ಆದರೆ ಅಷ್ಟೂ ಮೈಯಲ್ಲಿ ನಿಲ್ಲುವುದಿಲ್ಲ, ಒಂದು ದೊಡ್ಡ ಪಾಲು ಮೊದಲ ದಿನಗಳಲ್ಲೇ ಹೊರಹೋಗುತ್ತದೆ. ಆರು ತಿಂಗಳ ಕೊನೆಯ ಭಾಗದಲ್ಲಿ ಮಗುವನ್ನು ಕಾಯುವುದು ಮನೆಯ ಊಟವೇ.

ಡಿ ಜೀವಸತ್ವದ ಕಥೆ ಬೇರೆ. ಊಟದಲ್ಲಿ ಅದು ಬಹಳ ಕಡಿಮೆ. ಚರ್ಮದಲ್ಲಿರುವ ಕೊಲೆಸ್ಟರಾಲ್ ಬಳಗದ ಒಂದು ವಸ್ತುವಿನ ಮೇಲೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಅದು ತಯಾರಾಗುತ್ತದೆ. ಆಮೇಲೆ ಈಲಿಯಲ್ಲಿ ಒಂದು ಬದಲಾವಣೆ, ಮೂತ್ರಪಿಂಡದಲ್ಲಿ ಇನ್ನೊಂದು ಬದಲಾವಣೆ ಆದ ಮೇಲೆಯೇ ಅದಕ್ಕೆ ಕಸುವು ಬರುವುದು. ಕರುಳಿನಿಂದ ಸುಣ್ಣದ ಅಂಶವನ್ನು ಎಳೆದುಕೊಳ್ಳುವುದು ಅದರ ಮುಖ್ಯ ಕೆಲಸ. ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ಡಿ ಇಲ್ಲದಿದ್ದರೆ ಅದರಲ್ಲಿ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಹೊಲದಲ್ಲಿ ದುಡಿಯುವವರಿಗಿಂತ ನನಗೆ ಹೆಚ್ಚು ಚಿಂತೆಯಿರುವುದು ಬಾಣಂತಿ ಮತ್ತು ಕೂಸಿನ ಬಗ್ಗೆ. ತಿಂಗಳುಗಟ್ಟಲೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಬ್ಬರೂ ಇರುತ್ತಾರೆ, ತಾಯಿಯ ಹಾಲಿನಲ್ಲಿ ಡಿ ಅತಿ ಕಡಿಮೆ, ಕಿಟಕಿಯ ಗಾಜನ್ನು ಆ ಕಿರಣ ದಾಟುವುದಿಲ್ಲ. ಮಕ್ಕಳ ವೈದ್ಯರು ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿಯನ್ನು ಬರೆಯುವುದು ಇದಕ್ಕಾಗಿ. ನೆತ್ತಿ ಬೇಗ ಕೂಡದಿರುವುದು, ಮಣಿಕಟ್ಟು ಊದಿದಂತೆ ಕಾಣುವುದು, ಪಕ್ಕೆಲುಬಿನ ತುದಿಗಳಲ್ಲಿ ಮಣಿಪೋಣಿಸಿದಂತೆ ಗಂಟು, ನಡೆಯತೊಡಗಿದ ಮೇಲೆ ಕಾಲು ಬಾಗುವುದು, ಇವು ಮಗುವಿನಲ್ಲಿ ಚಿಹ್ನೆಗಳು. ದೊಡ್ಡವರಲ್ಲಿ ಸೊಂಟ ತೊಡೆಗಳ ಮಂದ ನೋವು. ಕುಕ್ಕರಗಾಲಿನಲ್ಲಿ ಕೂತವರಿಗೆ ಕೈಯೂರದೆ ಏಳಲಾಗದು.

ಇ ಜೀವಸತ್ವದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೀವಕೋಶದ ಪೊರೆಯ ಕೊಬ್ಬು ಆಮ್ಲಜನಕದಿಂದ ಮುಗ್ಗದಂತೆ ಅದು ಕಾಯುತ್ತದೆ. ಎಣ್ಣೆಕಾಳು ತಿನ್ನುವ ನಮ್ಮಲ್ಲಿ ಬರಿಯ ಊಟದಿಂದ ಅದರ ಕೊರತೆ ಬರುವುದು ಬಹಳ ಅಪರೂಪ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಕೆಂಪುರಕ್ತಕಣ ಒಡೆಯಬಹುದು. ಕೊಬ್ಬು ಹೀರದ ಕಾಯಿಲೆಯಿರುವ ಮಕ್ಕಳಲ್ಲಿ ವರ್ಷಗಳ ಬಳಿಕ ನಡಿಗೆ ತೂರಾಡಬಹುದು.

ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಲು ಬೇಕು. ಈಲಿ ತಯಾರಿಸುವ ಕೆಲವು ಪ್ರೋಟೀನುಗಳಿಗೆ ಕ್ಯಾಲ್ಸಿಯಂ ಹಿಡಿಯುವ ಕೊಂಡಿಯನ್ನು ಕೂರಿಸಲು ಅದು ನೆರವಾಗುತ್ತದೆ. ಕೊಂಡಿಯಿಲ್ಲದ ಪ್ರೋಟೀನು ರಕ್ತದಲ್ಲಿ ಇದ್ದರೂ ಕೆಲಸಕ್ಕೆ ಬಾರದು. ಹುಟ್ಟಿದ ಕೂಸಿನಲ್ಲಿ ಇದರ ಸಂಗ್ರಹ ತೀರಾ ಕಡಿಮೆ, ತಾಯಿಯ ಹಾಲಿನಲ್ಲೂ ಕಡಿಮೆ. ಹೆರಿಗೆಯಾದ ಕೂಡಲೇ ಕೂಸಿನ ತೊಡೆಗೆ 1 ಮಿಲಿಗ್ರಾಂ ಚುಚ್ಚುಮದ್ದು ಕೊಡುವುದು ಇದಕ್ಕೇ. ಮನೆಯಲ್ಲೇ ಹೆರಿಗೆಯಾಗಿದ್ದರೆ ಅದು ತಪ್ಪಿಹೋಗಿರುತ್ತದೆ. ಕೂಸನ್ನು ಆಸ್ಪತ್ರೆಗೆ ತಂದು ಹಾಕಿಸಬೇಕು.

ನಾಲ್ಕೂ ಒಂದೇ ದಾರಿಯಲ್ಲಿ ಬರುತ್ತವೆ ಎಂದೆನಲ್ಲ, ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಪಿತ್ತನಾಳ ಮುಚ್ಚಿ ಹುಟ್ಟಿದ ಕೂಸಿನಲ್ಲಿ. ಎರಡು ವಾರ ಕಳೆದರೂ ಕಾಮಾಲೆ ಇಳಿದಿರುವುದಿಲ್ಲ, ಮಲ ಸುಣ್ಣದಂತೆ ಬಿಳಿಚಿಕೊಂಡಿರುತ್ತದೆ, ಮೂತ್ರ ಬಟ್ಟೆಗೆ ಹಳದಿ ಬಣ್ಣ ಹಿಡಿಸುತ್ತದೆ. ಆದರೂ ಕೂಸು ಹಾಲು ಕುಡಿಯುತ್ತದೆ, ಆಡುತ್ತದೆ. ಕೆ ಜೀವಸತ್ವದ ಸಂಗ್ರಹ ಕೆಲವೇ ದಿನಗಳದ್ದಾದ್ದರಿಂದ ಅದೇ ಮೊದಲು ಮುಗಿಯುತ್ತದೆ: ಹೊಕ್ಕುಳಲ್ಲಿ, ಮೂಗಿನಲ್ಲಿ, ಕೆಲವೊಮ್ಮೆ ಮಿದುಳಿನಲ್ಲೇ ರಕ್ತಸ್ರಾವ. ಕೆ ಚುಚ್ಚುಮದ್ದು ಕೊಟ್ಟ ಕೆಲವು ಗಂಟೆಗಳಲ್ಲಿ ಹೆಪ್ಪುಗಟ್ಟುವ ಸಮಯ ಸರಿಹೋದರೆ ಈಲಿ ಇನ್ನೂ ಕೆಲಸ ಮಾಡುತ್ತಿದೆ, ಕೊರತೆ ಜೀವಸತ್ವದ್ದು ಎಂದು ವೈದ್ಯರಿಗೆ ತಿಳಿಯುತ್ತದೆ. ಸರಿಹೋಗದಿದ್ದರೆ ಈಲಿಯೇ ಸೋತಿದೆ. ಡಿ, ಎ, ಇ ಕೊರತೆಗಳು ಆಮೇಲೆ ತಲೆಯೆತ್ತುತ್ತವೆ. ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು. ಆದ್ದರಿಂದ ಬಾಣಂತಿಯ ಮನೆಗೆ ಹೋದ ಆಶಾ ಕಾರ್ಯಕರ್ತೆ ಕೂಸಿನ ಮಲದ ಬಣ್ಣವನ್ನು ಕೇಳಿದರೆ ಸಾಲದು, ಬಟ್ಟೆಯನ್ನೇ ನೋಡಬೇಕು.

ಕೊನೆಯದಾಗಿ ಬಸುರಿಯರ ಮಾತು. ಆರೇಳು ತಿಂಗಳಾದ ಮೇಲೆ ಸಂಜೆ ಕಣ್ಣು ಮಂಜಾಗುತ್ತದೆ ಎಂದು ಬಸುರಿ ಹೇಳಿದರೆ ಅದು ಬಸುರಿನ ಸಹಜ ಲಕ್ಷಣವಲ್ಲ, ಎ ಜೀವಸತ್ವದ ಕೊರತೆ. ಆದರೆ ಮಕ್ಕಳಿಗೆ ಇಟ್ಟ ಬಾಟಲಿಯಿಂದ ಅವಳಿಗೆ ಒಂದು ಚಮಚ ಕುಡಿಸಿಬಿಡಬಾರದು. ಇದು ಜಿಡ್ಡಿನಲ್ಲಿ ಕರಗುವ ವಸ್ತು, ಹೆಚ್ಚಾದದ್ದು ಪೂರ್ತಿ ಹೊರಹೋಗದೆ ಮೈಯಲ್ಲಿ ಉಳಿಯುತ್ತದೆ. ಬಸುರಿನಲ್ಲಿ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಒಮ್ಮೆಲೇ ಅತಿಯಾಗಿ ಸೇರಿದ ಎ ಜೀವಸತ್ವ ಭ್ರೂಣದ ಅಂಗಗಳು ವಿರೂಪವಾಗುವುದಕ್ಕೆ ಕಾರಣವಾಗಬಲ್ಲದು. ಅವಳಿಗೆ ವೈದ್ಯರು ದಿನಕ್ಕೆ 10,000 ಯೂನಿಟ್ ಮೀರದಂತೆ, ಅಥವಾ ವಾರಕ್ಕೆ 25,000 ಮೀರದಂತೆ ಕೆಲವು ವಾರ ಕೊಡುತ್ತಾರೆ. ಸೊಪ್ಪು, ಪರಂಗಿ, ಮಾವಿನ ಕ್ಯಾರೊಟಿನ್‌ನಿಂದ ಆ ಅಪಾಯವಿಲ್ಲ. ದೇಹ ತನಗೆ ಬೇಕಾದಷ್ಟನ್ನೇ ಎ ಜೀವಸತ್ವವಾಗಿ ಬದಲಿಸಿಕೊಳ್ಳುತ್ತದೆ. ಪರಂಗಿಯ ವಿಷಯದಲ್ಲಿ ಕಾಯಿ ಬೇಡ ಎನ್ನುವ ಹಿರಿಯರ ಮಾತಿಗೆ ನಾನು ಎದುರಾಡುವುದಿಲ್ಲ. ಚೆನ್ನಾಗಿ ಕಳಿತ ಹಣ್ಣನ್ನು ಊಟವಾದ ಮೇಲೆ, ಅಂದರೆ ಹೊಟ್ಟೆಯಲ್ಲಿ ಒಗ್ಗರಣೆಯ ಎಣ್ಣೆ ಇರುವಾಗಲೇ, ತಿನ್ನಲಿ.